ಸರಳೋಕ್ತಿ-ಹಸ್ತಸಂಜ್ಞಾ ಮೀಮಾಂಸೆ: ಒಂದು ಲೀಟರ್ ನೀರಿನ ಪರಿಪ್ರೇಕ್ಷ್ಯದಲ್ಲಿ

ಭಿನ್ನಭಾಷಿಕ ಅನ್ಯನೊಂದಿಗಿನ ಮುಖಾಮುಖಿಯಲ್ಲಿ ಸ್ವಭಾಷಿಕ ಕರ್ತೃವು ತನ್ನ ವಾಗ್ವ್ಯಾಪಾರವನ್ನು ಸಂಕೋಚಗೊಳಿಸಿ, ಕರಾದಿ ಅವಯವಗಳ ಅನುಸಂಧಾನದಿಂದ ಅರ್ಥೋತ್ಪಾದನೆಯ ಬಹುಮುಖಿ ನೆಲೆಗಳನ್ನು ಶೋಧಿಸುವ ಸಂಕಥನವೇ ಪ್ರಸ್ತುತ ಪ್ರಬಂಧದ ವಸ್ತು. ಅಂದರೆ, ನಮ್ಮ ಮಾತು ಅಷ್ಟಾಗಿ ಬಾರದವರ ಹತ್ತಿರ ಹೇಗೆ ಮಾತಾಡಬೇಕು ಅಂತ.

ಮೊದಲ ವಾಕ್ಯದ ಧಾಟಿ ಪ್ರಬಂಧಕಾರನ ಸ್ವಂತದ್ದಲ್ಲ. ‘ಸರಳ ಸಂವಹನ’ ಎಂಬ ವಿಷಯದ ಮೇಲೆ ನಡೆದ ಒಂದು ಕಾರ್ಯಾಗಾರದಲ್ಲಿ ಕೂತು, ಊಟದ ಹೊತ್ತಿನ ತನಕ ಅದನ್ನು ಸಹಿಸಿಕೊಂಡದ್ದರ ಫಲ. ಎದುರಿಗೆ ಕೂತಿದ್ದವರು ಔಷಧಿ ಅಂಗಡಿಯವರು, ನರ್ಸುಗಳು, ಆಶಾ ಕಾರ್ಯಕರ್ತೆಯರು. ಒಡಿಶಾ, ಬಿಹಾರ, ಅಸ್ಸಾಮಿನಿಂದ ಕಟ್ಟಡ ಕೆಲಸಕ್ಕೂ ಕಾಫಿ ತೋಟಕ್ಕೂ ಬಂದವರ ಜೊತೆ ದಿನವೂ ಒದ್ದಾಡುವವರು. ಅವರಿಗೆ ಬೇಕಿದ್ದದ್ದು ನಾಲ್ಕು ಮಾತು. ಸಿಕ್ಕಿದ್ದು ‘ಅನ್ಯತೆಯ ತಾತ್ವಿಕ ನೆಲೆಗಟ್ಟು’.

ಇರಲಿ, ಶಾಸ್ತ್ರವೆಂದ ಮೇಲೆ ವರ್ಗೀಕರಣ ಬೇಕೇ ಬೇಕು. ಅನ್ಯಭಾಷಿಕರೊಡನೆ ಮಾತಾಡುವ ಕನ್ನಡಿಗರನ್ನು ಪ್ರಬಂಧಕಾರ ಐದು ಪಂಥಗಳಾಗಿ ವಿಂಗಡಿಸುತ್ತಾನೆ.

ಮೊದಲನೆಯವರು ಉಚ್ಚಸ್ವರವಾದಿಗಳು. ಭಾಷೆ ಬಾರದಿರುವುದೂ ಕಿವಿ ಕೇಳದಿರುವುದೂ ಒಂದೇ ಎಂಬುದು ಇವರ ಮೂಲ ಪ್ರಮೇಯ. ಒಂದು ಸಲ ಹೇಳಿದ್ದು ತಿಳಿಯದಿದ್ದರೆ ಅದನ್ನೇ ಇನ್ನೂ ಜೋರಾಗಿ ಹೇಳುತ್ತಾರೆ. ಎದುರಿನವರಿಗೆ ತಿಳಿಯುವುದು ಒಂದೇ, ಇವರಿಗೆ ಸಿಟ್ಟು ಬಂದಿದೆ ಅಂತ.

ಎರಡನೆಯವರು ದೀರ್ಘಸ್ವರವಾದಿಗಳು. ನಿಧಾನವಾಗಿ ಹೇಳಬೇಕು ಎಂದು ಎಲ್ಲೋ ಕೇಳಿರುತ್ತಾರೆ. ಆದರೆ ಮಾತಿನ ನಡುವೆ ನಿಲ್ಲುವ ಬದಲು ಅಕ್ಷರವನ್ನೇ ರಬ್ಬರಿನಂತೆ ಎಳೆಯುತ್ತಾರೆ. ಕನ್ನಡದಲ್ಲಿ ಹ್ರಸ್ವ ದೀರ್ಘವಾದರೆ ಅರ್ಥವೇ ಬದಲಾಗುತ್ತದೆ. ‘ಬಿಡಿ, ಬಿಡಿ’ ಎಂದು ಸಮಾಧಾನ ಹೇಳಹೊರಟವರು ‘ಬೀಡಿ, ಬೀಡಿ’ ಎಂದರೆ ಎದುರಿನವನು ಜೇಬು ತಡಕುತ್ತಾನೆ. ನಿಧಾನ ಬೇಕಾದದ್ದು ಪದದೊಳಗಲ್ಲ, ಪದಗಳ ಗುಂಪಿನ ಮಧ್ಯೆ: ‘ಈ ಪುಡಿ... ಈ ನೀರಿಗೆ... ಹಾಕಿ.’ ಒಂದೊಂದು ತುಂಡೂ ಮಾಮೂಲಿ ವೇಗದಲ್ಲಿ, ಮಧ್ಯೆ ಒಂದು ಉಸಿರಿನಷ್ಟು ಬಿಡುವು.

ಮೂರನೆಯವರು ಭಗ್ನವ್ಯಾಕರಣವಾದಿಗಳು. ಇವರ ಬಗ್ಗೆ ನಿಜವಾದ ವಿದ್ವತ್ತೂ ಇದೆ. ಸ್ಟ್ಯಾನ್‌ಫರ್ಡಿನ ಭಾಷಾವಿಜ್ಞಾನಿ ಚಾರ್ಲ್ಸ್ ಫರ್ಗ್ಯುಸನ್ 1971ರಲ್ಲಿ, ಪರಭಾಷಿಕರ ಜೊತೆ ಮಾತಾಡುವಾಗ ಜನ ತಮ್ಮ ಭಾಷೆಯನ್ನೇ ಹೇಗೆ ಮುರಿಯುತ್ತಾರೆ ಎಂದು ಬರೆದ. ಇಂಗ್ಲಿಷಿನವರು ‘ಇಸ್’, ‘ಆರ್’ಗಳನ್ನು ಉದುರಿಸುತ್ತಾರೆ. ಕನ್ನಡದಲ್ಲಿ ‘ಇದು ಮಾತ್ರೆ’ ಎನ್ನುವುದಕ್ಕೆ ಕ್ರಿಯಾಪದವೇ ಬೇಡವಾದ್ದರಿಂದ ಉದುರಿಸಲು ಏನೂ ಇಲ್ಲ. ಆದ್ದರಿಂದ ನಾವು ಇದ್ದ ಕ್ರಿಯಾಪದದ ಕಾಲು ಮುರಿಯುತ್ತೇವೆ: ‘ನೀನು ನಾಳೆ ಬರೋದು, ದುಡ್ಡು ಕೊಡೋದು, ಹೋಗೋದು.’ ಅದೂ ಸಾಲದಿದ್ದರೆ ಹಿಂದಿಯದನ್ನು ಮುರಿಯುತ್ತೇವೆ.

ನಾಲ್ಕನೆಯ ಮತ್ತು ಐದನೆಯ ಪಂಥಗಳನ್ನು ಇಲ್ಲಿಗೇ ಕೈಬಿಡಲಾಗಿದೆ. ಇಷ್ಟರಲ್ಲಿ ಅಂಗಡಿಗೆ ಒಬ್ಬ ತಾಯಿ ಬಂದಿದ್ದಾಳೆ.

ಬೆಂಗಳೂರಿನ ಹೊರವಲಯದ ಯಾವುದಾದರೂ ಮೆಡಿಕಲ್ ಶಾಪ್ ಎಂದುಕೊಳ್ಳಿ. ಒಡಿಶಾದ ಹೆಂಗಸು, ಗಂಡ ಪಕ್ಕದ ಅಪಾರ್ಟ್‌ಮೆಂಟ್ ಕಟ್ಟುವವನು. ಸೊಂಟದ ಮೇಲೆ ಮೂರು ವರ್ಷದ ಮಗು, ರಾತ್ರಿಯಿಂದ ಭೇದಿ. ಡಾಕ್ಟರ ಚೀಟಿಯಲ್ಲಿ ಎರಡೇ ಐಟಂ: ಓಆರ್‌ಎಸ್ ಪ್ಯಾಕೆಟ್, 20 ಮಿಲಿಗ್ರಾಮಿನ ಜಿಂಕ್ ಮಾತ್ರೆ. ಅವಳಿಗೆ ಬರುವ ಕನ್ನಡ ‘ಎಷ್ಟು’, ‘ಬೇಡ’, ‘ನೀರು’, ಇನ್ನೊಂದು ಹತ್ತು ಪದ. ಅಂಗಡಿಯವನಿಗೆ ಬರುವ ಒಡಿಯಾ ಸೊನ್ನೆ.

ಕೇಳುವುದಕ್ಕೆ ಸಣ್ಣ ಸಂಗತಿ. ಆದರೆ ಓಆರ್‌ಎಸ್ ಪ್ಯಾಕೆಟ್ ಎರಡು ಅಳತೆಯಲ್ಲಿ ಸಿಗುತ್ತದೆ. ದೊಡ್ಡದನ್ನು ಒಂದು ಲೀಟರ್ ನೀರಿಗೆ ಹಾಕಬೇಕು, ಚಿಕ್ಕದನ್ನು 200 ಮಿಲಿಲೀಟರಿಗೆ. ದೊಡ್ಡ ಪ್ಯಾಕೆಟನ್ನು ಒಂದು ಲೋಟ ನೀರಿಗೆ ಸುರಿದರೆ ಉಪ್ಪು-ಸಕ್ಕರೆ ವಿಪರೀತ ಗಟ್ಟಿಯಾಗಿ, ಕರುಳಿಗೆ ಇನ್ನಷ್ಟು ನೀರು ಎಳೆದುಕೊಂಡು ಭೇದಿ ಹೆಚ್ಚುತ್ತದೆ, ರಕ್ತದಲ್ಲಿ ಉಪ್ಪಿನಂಶವೂ ಏರಬಹುದು. ಮಗುವನ್ನು ಉಳಿಸಬೇಕಾದದ್ದೇ ಅದನ್ನು ಕೆಡಿಸುತ್ತದೆ.

ಅಂಗಡಿಯವನು ಮೊದಲು ಮಾತಿಗಿಳಿಯುತ್ತಾನೆ: ‘ನೋಡು, ಇದನ್ನ ತಗೊಂಡೋಗಿ ನೀರು-ಗೀರು ಕಾಯಿಸಿ ಆರಿಸ್ಬಿಟ್ಟು ಕಲ್ಸಿ ಕುಡಿಸ್ತಾ ಇರು, ಇಲ್ದಿದ್ರೆ ಸುಸ್ತಾಗ್ಬಿಡುತ್ತೆ.’ ಒಂದೇ ಉಸಿರಿಗೆ ಆರು ಕೆಲಸ, ಮೇಲೆ ಒಂದು ಎಚ್ಚರಿಕೆ. ಅವಳಿಗೆ ‘ನೀರು’ ಗೊತ್ತು. ‘ಗೀರು’ ಎಂದರೇನು ಎಂದು ಯೋಚಿಸುವಷ್ಟರಲ್ಲಿ ಉಳಿದದ್ದು ಗಾಡಿ ಹೊರಟಂತೆ ಹೊರಟುಹೋಯಿತು.

ಆಮೇಲೆ ಕೈಗಿಳಿಯುತ್ತಾನೆ. ಭರತನ ನಾಟ್ಯಶಾಸ್ತ್ರದಲ್ಲಿ ಒಂಟಿ ಕೈಯ ಹಸ್ತಗಳು 24, ಜೋಡಿ ಕೈಯವು 13. ಪತಾಕ ಉಂಟು, ಕರ್ತರೀಮುಖ ಉಂಟು. ಆದರೆ ‘ದಿನಕ್ಕೆ ಒಂದು, 14 ದಿನ’ ಎಂಬ ಹಸ್ತವನ್ನು ಮುನಿಗಳು ನಮಗೆ ಬಿಟ್ಟು ಹೋಗಿಲ್ಲ. ಅಂಗಡಿಯವನು ಹೆಬ್ಬೆರಳನ್ನು ಬಾಯಿಗೆ ತೋರಿಸುತ್ತಾನೆ. ‘ಕುಡಿಸು’ ಎಂಬುದು ಅವನ ಇಂಗಿತ, ಬಾರಿನ ಮುಂದೆ ಅದೇ ಕೈಗೆ ಅರ್ಥವೇ ಬೇರೆ. ಎಷ್ಟು ಸಲ ಭೇದಿಯಾಯಿತು ಎಂದು ಕೇಳಲು ಎರಡು ಬೆರಳೆತ್ತುತ್ತಾನೆ, ನಮ್ಮ ಶಾಲೆಗಳಲ್ಲಿ ‘ಎರಡಕ್ಕೆ’ ಹೋಗಲು ಎತ್ತುವ ಹಾಗೆ. ಅವಳು ಆ ಶಾಲೆಯಲ್ಲಿ ಓದಿದವಳಲ್ಲ. ಎರಡು ಪ್ಯಾಕೆಟ್ ಎಂದುಕೊಂಡು ಸೆರಗಿನ ಗಂಟು ಬಿಚ್ಚುತ್ತಾಳೆ.

ಕೊನೆಗೆ ‘ಗೊತ್ತಾಯ್ತಾ?’ ಎನ್ನುತ್ತಾನೆ. ಅವಳು ತಲೆ ಅಲ್ಲಾಡಿಸುತ್ತಾಳೆ. ಈ ದೇಶದಲ್ಲಿ ತಲೆಯಲ್ಲಾಡಿಸುವುದರ ಅರ್ಥ ‘ಕೇಳಿಸ್ತಾ ಇದೆ, ಬೈಬೇಡಿ’ ಎಂದಷ್ಟೇ. ಅವನು ಒಪ್ಪಿಗೆ ಎಂದು ಬಗೆದು ಮುಂದಿನ ಗಿರಾಕಿ ಕಡೆ ತಿರುಗುತ್ತಾನೆ.

ಈಗ ಪ್ರಬಂಧಕಾರ ಸ್ವಲ್ಪ ಹೊತ್ತು ಶಾಸ್ತ್ರವನ್ನು ಪಕ್ಕಕ್ಕಿಡುತ್ತಾನೆ. ಇದೇ ಕೆಲಸವನ್ನು ಚೆನ್ನಾಗಿ ಮಾಡುವವರೂ ಇದ್ದಾರೆ. ಅವರು ಮಾಡುವುದರಲ್ಲಿ ಅಭಿನಯ ಕಮ್ಮಿ, ವಸ್ತು ಜಾಸ್ತಿ.

ಅಂಥವರು ಒಂದು ಲೀಟರಿನ ಖಾಲಿ ನೀರಿನ ಬಾಟಲಿಯನ್ನು ಕೌಂಟರಿನ ಮೇಲೆ ಇಡುತ್ತಾರೆ. ‘ಈ ಬಾಟಲಿ. ತುಂಬ ನೀರು.’ ಬಾಟಲಿಯ ಕತ್ತಿನ ಹತ್ತಿರ ಬೆರಳಿನಿಂದ ಗೆರೆ ಎಳೆಯುತ್ತಾರೆ. ಪ್ಯಾಕೆಟ್ ಎತ್ತಿ, ಬಾಯಿ ಹರಿಯುವ ಹಾಗೆ ತೋರಿಸಿ, ‘ಪುಡಿ. ಎಲ್ಲಾ ಹಾಕಿ.’ ಬಾಟಲಿ ಅಲ್ಲಾಡಿಸುತ್ತಾರೆ. ಒಂದು ಲೋಟ ಇಟ್ಟು ಅದರ ಅರ್ಧಕ್ಕೆ ಬೆರಳಿಡುತ್ತಾರೆ. ಈ ವಯಸ್ಸಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ ಅರ್ಧ ಲೋಟದಿಂದ ಒಂದು ಲೋಟ, ಸ್ವಲ್ಪ ಸ್ವಲ್ಪವಾಗಿ. ಮಾಡುವ ಕ್ರಮ ಯಾವುದೋ ಹೇಳುವ ಕ್ರಮವೂ ಅದೇ. ‘ಕುಡಿಸುವ ಮೊದಲು ಕಲಸಿರಬೇಕು’ ಎಂಬ ಹಿಂದುಮುಂದಿನ ವಾಕ್ಯ ಅವರ ಬಾಯಲ್ಲಿ ಬರುವುದಿಲ್ಲ. ಒಮ್ಮೆ ‘ಪುಡಿ’ ಎಂದದ್ದು ಕೊನೆಯವರೆಗೂ ಪುಡಿಯೇ. ನಡುವೆ ‘ಪೌಡರ್’ ಆಗುವುದಿಲ್ಲ, ‘ಔಷಧಿ’ ಆಗುವುದಿಲ್ಲ.

ಜಿಂಕ್ ಮಾತ್ರೆಗೆ ಚೀಟಿಯ ಮೇಲಿನ ಲೆಕ್ಕ ಉಪಯೋಗಕ್ಕೆ ಬಾರದು. ‘1-0-1’, ‘1-0-0’ ಓದುವುದನ್ನು ಯಾರಾದರೂ ಕಲಿಸಿದರೆ ತಾನೆ ಬರುವುದು? ಒಂದು ಚಮಚದಲ್ಲಿ ನೀರು, ಅದರಲ್ಲಿ ಒಂದು ಮಾತ್ರೆ, ಕರಗುವುದನ್ನು ಅಲ್ಲೇ ತೋರಿಸಿದರೆ ಮುಗಿಯಿತು. 14 ದಿನವನ್ನು ಬೆರಳಲ್ಲಿ ಹೇಳಹೋಗುವುದು ಮೂರ್ಖತನ. ಹತ್ತು ಬೆರಳು, ಮತ್ತೆ ನಾಲ್ಕು, ಅಷ್ಟರಲ್ಲಿ ಎದುರಿನವರಿಗೆ ಲೆಕ್ಕ ತಪ್ಪಿರುತ್ತದೆ. ಗೋಡೆಯ ಮೇಲೆ ಕ್ಯಾಲೆಂಡರ್ ಇದೆಯಲ್ಲ, ಇವತ್ತಿನ ತಾರೀಖಿನ ಮೇಲೆ ಒಂದು ಬೆರಳು, ಕೊನೆಯ ತಾರೀಖಿನವರೆಗೆ ಒಂದು ಎಳೆತ. ಭೇದಿ ನಿಂತ ಕೂಡಲೇ ಮಾತ್ರೆ ನಿಲ್ಲಿಸುವುದು ಎಲ್ಲರೂ ಮಾಡುವ ತಪ್ಪು. ಕನ್ನಡ ಚೆನ್ನಾಗಿ ಬರುವವರೂ ಅದನ್ನೇ ಮಾಡುತ್ತಾರೆ.

ಕೈಯಾಡಿಸುವುದು ಯಾವಾಗ ಮಕ್ಕಳಾಟವಾಗುತ್ತದೆ? ಕೈಯಿಂದ ಅಲ್ಲ, ಮುಖದಿಂದ. ಕಣ್ಣರಳಿಸಿ, ಹುಬ್ಬೇರಿಸಿ, ತುಟಿ ಚಾಚಿ ‘ನೀಈಈರು’ ಎಂದರೆ ಅದು ಅಂಗನವಾಡಿ. ಅದೇ ಕೈ ಎದೆಮಟ್ಟದಲ್ಲಿ, ಅದೇ ಬಾಟಲಿ, ಪಕ್ಕದ ಮನೆಯವರ ಜೊತೆ ಮಾತಾಡುವ ಮುಖ, ಅದು ವ್ಯವಹಾರ. ವ್ಯತ್ಯಾಸ ಇಷ್ಟೇ. ಇದಕ್ಕೆ ‘ಮುಖಜ ಸಂಕಥನದ ಅಧಿಕಾರ ರಾಜಕಾರಣ’ ಎಂದು ಹೆಸರಿಡಬಹುದು, ಇಡುವುದು ಬೇಡ.

ಇನ್ನು ತಿಳಿಯಿತೋ ಇಲ್ಲವೋ ಎಂದು ನೋಡುವ ಬಗೆ. ‘ಗೊತ್ತಾಯ್ತಾ’ ಎಂದು ಕೇಳದೆ, ಬಾಟಲಿಯನ್ನೂ ಪ್ಯಾಕೆಟನ್ನೂ ಅವಳ ಕಡೆ ಸರಿಸಿ ‘ನೀವು ತೋರಿಸಿ’ ಎನ್ನುವುದು. ಆರೋಗ್ಯ ಕಾರ್ಯಕರ್ತರ ತರಬೇತಿಯಲ್ಲಿ ಇದಕ್ಕೆ ‘ಟೀಚ್-ಬ್ಯಾಕ್’ ಎನ್ನುತ್ತಾರೆ. ಇದರಲ್ಲೂ ಒಂದು ಅಪಾಯವಿದೆ, ಮೇಷ್ಟ್ರು ಪಾಠ ಒಪ್ಪಿಸಿಕೊಂಡ ಹಾಗಾಗುತ್ತದೆ. ಬಲ್ಲವರು ತಮ್ಮ ಎದೆಯ ಮೇಲೆ ಕೈಯಿಟ್ಟು ‘ನಾನು ಸರಿ ಹೇಳಿದ್ನಾ?’ ಎನ್ನುತ್ತಾರೆ. ಆಗ ಪರೀಕ್ಷೆ ಹೇಳಿದವರದ್ದು. ಅವಳು ಪ್ಯಾಕೆಟ್ ಹಿಡಿದು ಬಾಟಲಿಯ ಬದಲು ಲೋಟದ ಕಡೆ ಕೈ ಒಯ್ದರೆ ಮನೆಯಲ್ಲಿ ಆಗಬಹುದಿದ್ದ ತಪ್ಪು ಕೌಂಟರಿನಲ್ಲೇ ಸಿಕ್ಕಿಬೀಳುತ್ತದೆ.

ಕೈಗೆ ಮಿತಿಯೂ ಇದೆ. ಕಲಸಿದ ನೀರನ್ನು 24 ಗಂಟೆಯಾದ ಮೇಲೆ ಚೆಲ್ಲಬೇಕು ಎಂಬುದನ್ನು ಹೇಗೋ ತೋರಿಸಬಹುದು. ಆದರೆ ‘ಮಗು ಮಂಕಾದರೆ, ಕುಡಿಯಲು ಒಲ್ಲೆ ಎಂದರೆ, ಭೇದಿಯಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ’ ಎಂಬ ‘ಆದರೆ, ಅಂದರೆ, ಕಂಡರೆ’ಗಳು ಬೆರಳಿಗೆ ಬಗ್ಗುವುದಿಲ್ಲ. ಅದಕ್ಕೆ ಮಾತೇ ಬೇಕು. ಅವಳ ಫೋನಿನಿಂದ ಗಂಡನಿಗೋ ಮೇಸ್ತ್ರಿಗೋ ಒಂದು ಕರೆ ಮಾಡಿಸುವುದೇ ಸರಿ. ಇಂಥ ಕಡೆ ಕೈಸನ್ನೆಯನ್ನು ನಂಬಿಕೊಂಡವನು ಜಾಣನಲ್ಲ.

ಈ ಪ್ರಬಂಧದಲ್ಲಿ ನಗುತ್ತಾ ಹೇಳಲಾಗದ ಭಾಗ ಒಂದಿದೆ. ಸರಳವಾಗಿ ಮಾತಾಡುತ್ತೇವೆ ಎಂದು ಹೊರಟವರು ಮೊದಲು ಕತ್ತರಿಸುವುದು ಮರ್ಯಾದೆಯನ್ನು. ‘ನೋಡಿ’ ಇದ್ದದ್ದು ‘ನೋಡು’ ಆಗುತ್ತದೆ, ‘ಬನ್ನಿ’ ‘ಬಾ’ ಆಗುತ್ತದೆ. ಸುಲಭವಾಗಲಿ ಅಂತ ಎಂಬ ಸಮರ್ಥನೆ ಬೇರೆ. ಯಾವ ಸುಲಭ? ಕೊಡಿ, ಮಾಡಿ, ಹಾಕಿ, ಕುಡಿಸಿ: ಎಲ್ಲಕ್ಕೂ ಕೊನೆಯಲ್ಲಿ ಒಂದೇ ‘ಇ’. ಹೊಸಬರಿಗೆ ಕಲಿಯಲು ಇದಕ್ಕಿಂತ ಸಲೀಸಾದದ್ದು ಕನ್ನಡದಲ್ಲಿ ಇನ್ನೇನಿದೆ? ಇದೇ ಕೌಂಟರಿಗೆ ಬಿಳಿ ಚರ್ಮದವರು ಬಂದರೆ, ಅವರಿಗೂ ಕನ್ನಡ ಬಾರದು, ನಮ್ಮ ಬೆನ್ನು ತಾನಾಗಿ ಬಗ್ಗುತ್ತದೆ. ಅವರು ‘ಸ್ವಲ್ಪ ಸ್ವಲ್ಪ’ ಎಂದರೆ ಚಪ್ಪಾಳೆ, ವಿಡಿಯೊ. ಒಡಿಶಾದ ಹೆಂಗಸು ಹತ್ತು ಪದ ಜೋಡಿಸಿದರೆ ಹಲ್ಲು ಕಿಸಿಯುತ್ತೇವೆ.

ಆಮೇಲೆ ಏನಾಗುತ್ತದೆ ಎಂಬುದನ್ನೂ ನೋಡಬೇಕು. ಕಿವಿಗೆ ಬಿದ್ದದ್ದನ್ನೇ ಕಲಿತ ಕೂಲಿಯವನು ಒಂದು ದಿನ ಮನೆ ಯಜಮಾನರಿಗೆ ‘ಬಾ, ದುಡ್ಡು ಕೊಡು’ ಎನ್ನುತ್ತಾನೆ. ‘ನೋಡ್ರಿ ಈ ಹೊರಗಿನವರ ಸೊಕ್ಕು!’ ಎಂದು ಬೀದಿಯೆಲ್ಲ ಕೂಗಾಡುತ್ತದೆ. ಅವನಿಗೆ ಆ ಕನ್ನಡ ಕಲಿಸಿದವರು ಯಾರು? ಅವನು ನಾವು ಕೊಟ್ಟದ್ದನ್ನೇ ನಮಗೆ ಹಿಂತಿರುಗಿಸಿದ್ದಾನೆ, ಬಡ್ಡಿಯನ್ನೂ ಸೇರಿಸಿಲ್ಲ.

ಔಷಧಿ ಅಂಗಡಿಯವರಲ್ಲಿ ಒಂದು ಕೋರಿಕೆ. ಕೌಂಟರಿನ ಕೆಳಗೆ ಒಂದು ಲೀಟರಿನ ಖಾಲಿ ಬಾಟಲಿ, ಒಂದು ಲೋಟ, ಒಂದು ಚಮಚ ಇಟ್ಟುಕೊಳ್ಳಿ. ಓಆರ್‌ಎಸ್ ಕೊಡುವ ಮುಂಚೆ ಪ್ಯಾಕೆಟಿನ ಮೇಲೆ ಎಷ್ಟು ನೀರಿಗೆ ಎಂದು ಬರೆದಿದೆಯೋ ಅದನ್ನು ನೀವೇ ಒಮ್ಮೆ ಓದಿ. ಆಮೇಲೆ ತೋರಿಸಿ, ಅವರಿಂದಲೂ ತೋರಿಸಿಕೊಳ್ಳಿ. ಅಷ್ಟು ಹೊತ್ತೂ ‘ನೀವು’ ಎಂದೇ ಮಾತಾಡಿಸಿ.