ತಡವಾದ ತಟ್ಟೆಗೆ ಕ್ಷಮಾಪಣೆ

ಶಿವನಿಯ ಹಾಳೆತಟ್ಟೆ ಘಟಕ. ಮಾಲೀಕರು ಗೃಹಪ್ರವೇಶಕ್ಕೆ ತಟ್ಟೆ ಕೇಳಿದ್ದ ಗಿರಾಕಿಗೆ ಬರೆದ ಇಮೇಲ್ ಓದುತ್ತಾರೆ; ನಿವೃತ್ತ ಮೇಷ್ಟ್ರು ತಿದ್ದುತ್ತಾರೆ.

"'ತಟ್ಟೆ ತಡವಾಗಿದ್ದರೆ ಕ್ಷಮಿಸಿ.'"

"ಆಗಿದ್ದರೆ? 8 ದಿನ ಆದ್ಮೇಲೂ ಅನುಮಾನವೇನ್ರೀ? 'ತಡವಾಗಿದೆ, ಕ್ಷಮಿಸಿ' ಅನ್ನಿ."

"'ಅನಿವಾರ್ಯ ಕಾರಣಗಳಿಂದ ರವಾನಿಸಲಾಗಲಿಲ್ಲ.'"

"ಕ್ರಿಯಾಪದ ಸಿಕ್ತು, ಕರ್ತೃ ತಲೆಮರೆಸಿಕೊಂಡಿದ್ದಾನೆ! ನಿಜಕ್ಕೂ ಏನಾಯ್ತು?"

"ಮಳೆಗೆ ಅಡಿಕೆ ಹಾಳೆ ಒಣಗದೆ ಬೂಷ್ಟು ಹಿಡೀತು ಮೇಷ್ಟ್ರೇ."

"ಅದನ್ನೇ ಬರೀರಿ: 'ಹಾಳೆಗೆ ಬೂಷ್ಟು ಹಿಡಿದದ್ದರಿಂದ ನಾವು ತಟ್ಟೆ ಒತ್ತಲಿಲ್ಲ. ಸೋಮವಾರ 500, ಗುರುವಾರ ಉಳಿದದ್ದು ಕಳಿಸುತ್ತೇವೆ. ಬೇಡವಾದರೆ ಮುಂಗಡ ವಾಪಸ್.'"

"ಕೊನೆಗೆ 'ನಿಮ್ಮ ತಾಳ್ಮೆಗೆ ಧನ್ಯವಾದ' ಹಾಕಲೇ?"

"ಅವರು ತಾಳಿದ್ದಾರೆ ಅಂತ ಯಾರು ಹೇಳಿದ್ರು? ಗೃಹಪ್ರವೇಶ ಯಾವತ್ತು?"

"ನಿನ್ನೆ ಮುಗೀತು."

"ಹಂಗಾದ್ರೆ ಸೋಮವಾರ, ಗುರುವಾರ ಎರಡೂ ಹೊಡೆದುಹಾಕಿ. ಮುಂಗಡ ಕಳಿಸಿ, ಆಮೇಲೆ ಇಮೇಲ್!"