ಶನಿವಾರ ಖಾಲಿ ಇದ್ದವರು ಬನ್ನಿ

ಮಡಿಕೇರಿಯ ಒಂದು ಕಾಲೇಜು, ಜುಲೈ ತಿಂಗಳು. ಅಕ್ಕ ನೋಟಿಸ್ ಬೋರ್ಡಿಗೆ ಚೀಟಿ ಅಂಟಿಸುತ್ತಿದ್ದಾಳೆ. ತೇವಕ್ಕೆ ಗಮ್ ಹಿಡಿಯುತ್ತಿಲ್ಲ.

ಹೊಸಬ: "ಎನ್‌ಎಸ್‌ಎಸ್‌ಗೆ ಬನ್ನಿ, ನಾಡು ಕಟ್ಟೋಣ!" ಚೆನ್ನಾಗಿದೆ ಅಕ್ಕ. ಕೆಳಗೆ ಸಣ್ಣಕ್ಷರದಲ್ಲಿ ಏನಿದೆ?

ಅಕ್ಕ: ಇರೋದೆಲ್ಲ ದೊಡ್ಡಕ್ಷರವೇ. ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240. ಜೊತೆಗೆ ಏಳು ದಿನದ ಶಿಬಿರ.

ಹೊಸಬ: ಅಂದ್ರೆ ವಾರಕ್ಕೆ ಎರಡು ಗಂಟೆ ಚಿಲ್ಲರೆ, ಅಷ್ಟೇ ತಾನೆ?

ಅಕ್ಕ: 52ರಿಂದ ಭಾಗಿಸಿದೆಯಾ? ಪರೀಕ್ಷೆ ಕಳೆ, ಕೈಲ್‌ಪೋಳ್ದ್ ಕಳೆ, ಪುತ್ತರಿ ಕಳೆ, ಮಳೆಗೆ ಡಿಸಿ ಕೊಡೋ ರಜೆ ಕಳೆ. ಮೂವತ್ತು ವಾರ ಉಳಿದರೆ ಪುಣ್ಯ. ವಾರಕ್ಕೆ ನಾಲ್ಕು ಗಂಟೆ ಆಯ್ತಾ? ಒಂದು ಶನಿವಾರ ಚಕ್ಕರ್ ಹೊಡೆದರೆ ಮುಂದಿನ ವಾರ ಎಂಟು.

ಹೊಸಬ: ನಮ್ಮೂರಿಂದ ಬಸ್ಸಿಗೇ ಒಂದೂವರೆ ಗಂಟೆ. ಅದೂ ಸೇರುತ್ತಾ?

ಅಕ್ಕ: ಸೇರಿದ್ದರೆ ಈ ಜಿಲ್ಲೆಯವರಿಗೆಲ್ಲ ಎರಡೆರಡು ಸರ್ಟಿಫಿಕೇಟ್ ಬರ್ತಿತ್ತು.

ಹೊಸಬ: ಶನಿವಾರ ಬಿಟ್ಟು ಶಿಬಿರಕ್ಕೆ ಮಾತ್ರ ಬಂದರೆ? ಕ್ಯಾಂಪ್‌ಫೈರ್ ಇರುತ್ತಂತೆ.

ಅಕ್ಕ: ಇರುತ್ತೆ. ಬೆಳಗ್ಗೆ ಚರಂಡಿ ಬಿಡಿಸಿ, ಮಧ್ಯಾಹ್ನ ನೂರು ಜನರ ಪಾತ್ರೆ ತೊಳೆದು, ರಾತ್ರಿ ಶಾಲೆಯ ಸಿಮೆಂಟ್ ನೆಲದಲ್ಲಿ ಮಲಗೋ ಮುಂಚೆ. ಆ ಏಳು ದಿನ 120ರೊಳಗೆ ಬರಲ್ಲ. ಸರ್ಟಿಫಿಕೇಟ್‌ಗೆ ಎರಡೂ ಬೇಕು. ಪೊರಕೆ ಹಿಡಿದು ಫೋಟೋಗೆ ನಿಂತದ್ದು ಡೈರಿಯಲ್ಲಿ ಗಂಟೆ ಆಗಲ್ಲ ಮಾರಾಯ.

ಹೊಸಬ: ಡಿಸೆಂಬರ್‌ನಿಂದ ಮನೇಲಿ ಕಾಫಿ ಕೊಯ್ಲು ಅಕ್ಕ. ಅಪ್ಪ ಬಿಡಲ್ಲ.

ಅಕ್ಕ: ಅದಕ್ಕೇ ಈಗಲೇ ಹೇಳ್ತಿರೋದು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಗಂಟೆ ಕೂಡಿಸ್ಕೋ. ಹೆಸರು ಬರೀಲಾ?

ಹೊಸಬ: ಯೋಚನೆ ಮಾಡಿ ಹೇಳ್ತೀನಿ.

(ಅಕ್ಕ ಅವನ ಕಾಲು ನೋಡುತ್ತಾಳೆ. ಕಾಲುಚೀಲದ ಮೇಲೆ ಕೊಬ್ಬಿದ ಜಿಗಣೆ.)

ಅಕ್ಕ: ಇದು ನೋಡು, ಏನೂ ಕೇಳದೆ ಸೇರಿಕೊಂಡಿದೆ.