ಮಾನ್ಯ ಸಕ್ಷಮ ಪ್ರಾಧಿಕಾರಿಯವರ ಸನ್ನಿಧಾನಕ್ಕೆ

ಸ್ವಾಮೀ,

ತಮ್ಮ ಹೆಸರು ನನಗೆ ಗೊತ್ತಿಲ್ಲ. ಲೋಕಾಯುಕ್ತ ಕಾಯ್ದೆಯಲ್ಲಿ ತಮ್ಮನ್ನು 'ಸಕ್ಷಮ ಪ್ರಾಧಿಕಾರಿ' ಎಂದು ಕರೆದಿದ್ದಾರೆ, ನಾನೂ ಹಾಗೇ ಕರೆಯುತ್ತೇನೆ. ಮೊನ್ನೆ ರಾತ್ರಿ ಬಸ್ಸಿಗೆ ಹೊರಟು ಬೆಂಗಳೂರಿಗೆ ಬಂದು, ತಮ್ಮ ಕಚೇರಿಯ ಬೆಂಚಿನ ಮೇಲೆ ಹನ್ನೊಂದರಿಂದ ನಾಲ್ಕರವರೆಗೆ ಕೂತಿದ್ದ ನಿವೃತ್ತ ಮೇಷ್ಟ್ರು ನಾನು. ತಾವು ಮೀಟಿಂಗಿನಲ್ಲಿದ್ದಿರಿ. ಸಕ್ಷಮರಿಗೆ ಮೀಟಿಂಗ್ ಇದ್ದೇ ಇರುತ್ತದೆ.

ವಿಷಯ ಒಂದು ಚರಂಡಿ. ನಮ್ಮ ಬೀದಿಯಲ್ಲಿ 60 ಮೀಟರ್ ಕಾಂಕ್ರೀಟ್ ಚರಂಡಿ ಕಟ್ಟಿದೆ ಎಂದು 2018ರ ಅಕ್ಟೋಬರಿನಲ್ಲಿ ಎಂಜಿನಿಯರ್ ಸಾಹೇಬರು ಅಳತೆ ಪುಸ್ತಕದಲ್ಲಿ ಬರೆದರು, ಬಿಲ್ಲೂ ಪಾಸಾಯಿತು. ನಾನು ಟೇಪು ಹಿಡಿದು ಅಳೆದೆ, 22 ಮೀಟರ್ ಸಿಕ್ಕಿತು. ಉಳಿದ 38 ಮೀಟರ್ ಪುಸ್ತಕದಲ್ಲೇ ಹರಿಯುತ್ತಿದೆ.

2019ರಲ್ಲಿ ಲೋಕಾಯುಕ್ತಕ್ಕೆ ದೂರು ಕೊಟ್ಟೆ. ಫಾರಂ 1 ದೂರಿಗೆ, ಫಾರಂ 2 ಪ್ರಮಾಣಪತ್ರಕ್ಕೆ. ನೋಟರಿ ಮುಂದೆ ಸಹಿ ಹಾಕಿದೆ. ಸುಳ್ಳು ದೂರಾದರೆ ಜೈಲು ಎಂಬ ಎಚ್ಚರಿಕೆಯನ್ನೂ ಓದಿಕೊಂಡೆ. ಕಾನೂನಿನಂತೆ ದೂರಿನ ಪ್ರತಿ ಎಂಜಿನಿಯರರಿಗೂ ಹೋಯಿತು, ಅವರ ಮಾತನ್ನೂ ಕೇಳಬೇಕಲ್ಲ. ನ್ಯಾಯವೇ. ಆದರೆ ಆ ಪ್ರತಿಯಲ್ಲಿ ನನ್ನ ಮನೆ ವಿಳಾಸವೂ ಇತ್ತು. ಒಂದು ಸಂಜೆ ಸಾಹೇಬರು ಬಾಳೆಹಣ್ಣಿನ ಚಿಪ್ಪಿನೊಂದಿಗೆ ಬಂದು, "ಮೇಷ್ಟ್ರೇ, ಆರೋಗ್ಯ ಹೇಗಿದೆ?" ಎಂದು ವಿಚಾರಿಸಿಕೊಂಡು ಹೋದರು.

ಅವರು ಲಂಚ ತೆಗೆದುಕೊಂಡಿದ್ದರೆ ಎಷ್ಟು ಸುಲಭವಿತ್ತು! ನೋಟಿಗೆ ಫಿನಾಫ್ತಲೀನ್ ಪುಡಿ ಸವರಿ, ಪಂಚರ ಮುಂದೆ ಕೈಯನ್ನು ಸೋಡಾ ನೀರಿಗೆ ಅದ್ದಿಸಿದರೆ ನೀರು ಗುಲಾಬಿ ಬಣ್ಣ. ಟಿವಿಯವರು ಬರುತ್ತಾರೆ, ಊರಿಗೆ ಹಬ್ಬ. ಚರಂಡಿ ನುಂಗಿದವನ ಕೈಗೆ ಬಣ್ಣ ಬರುವುದಿಲ್ಲ. ಅದಕ್ಕೆ ಕಾಗದವೇ ಬೇಕು.

ಕಾಗದ ಚೆನ್ನಾಗಿಯೇ ಬಂತು ಸ್ವಾಮೀ, ಸುಳ್ಳು ಹೇಳಬಾರದು. ತಾಂತ್ರಿಕ ವಿಭಾಗದವರು ಬಂದು ಅಳೆದರು. ಅವರ ಟೇಪಿನಲ್ಲೂ 22. 2021ರ ಮಾರ್ಚಿನಲ್ಲಿ, ಲೋಕಾಯುಕ್ತ ಕಾಯ್ದೆಯ 12(3)ರ ಅಡಿ ಉಪಲೋಕಾಯುಕ್ತರು ಶಿಸ್ತುಕ್ರಮಕ್ಕೆ ಶಿಫಾರಸು ಮಾಡಿದ ವರದಿ ತಮ್ಮನ್ನು ಸೇರಿತು. ಶಿಕ್ಷಿಸುವ ಅಧಿಕಾರ ಅವರಿಗಿಲ್ಲ, ಅದು ಸರ್ಕಾರದ್ದು. ಅಂದರೆ ಸಕ್ಷಮರದ್ದು. ಏನು ಕ್ರಮ ಕೈಗೊಂಡಿರಿ ಎಂದು ಮೂರು ತಿಂಗಳಲ್ಲಿ ತಾವು ತಿಳಿಸಬೇಕು ಎಂದು ಅದೇ ಕಾಯ್ದೆ ಹೇಳುತ್ತದೆ.

ತಾವೇನೂ ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಸಿ.ಸಿ.ಎ. ನಿಯಮ 14-ಎ ಪ್ರಕಾರ, ಇಲಾಖಾ ವಿಚಾರಣೆಯನ್ನೂ ನೀವೇ ಮಾಡಿ ಎಂದು ಉಪಲೋಕಾಯುಕ್ತರಿಗೇ ಒಪ್ಪಿಸುವ ಒಂದು ಆದೇಶ ಸಾಕಿತ್ತು. ಆಮೇಲೆ ದೋಷಾರೋಪ ಪಟ್ಟಿ, ಸಾಕ್ಷಿ, ಪಾಟಿಸವಾಲು. ಅಲ್ಲಿ ನಾನು ಅದೇ 22 ಮೀಟರನ್ನು ಮತ್ತೊಮ್ಮೆ ಹೇಳುತ್ತಿದ್ದೆ. ಅದೆಲ್ಲ ಮುಗಿದ ಮೇಲೆ ಶಿಫಾರಸು ಪುನಃ ತಮ್ಮ ಮೇಜಿಗೇ ಬರುತ್ತಿತ್ತು, ಅದನ್ನು ಒಪ್ಪದಿರುವ ದಾರಿಯೂ ತಮಗಿತ್ತು. ಅಷ್ಟೆಲ್ಲ ಅನುಕೂಲವಿದ್ದೂ ಒಂದು ಸಹಿ ಬೀಳಲಿಲ್ಲ.

ನಾನು ನೆನಪೋಲೆ ಬರೆದೆ. ಮತ್ತೆ ಬರೆದೆ. ರಿಜಿಸ್ಟರ್ ಪೋಸ್ಟಿನ ರಸೀದಿಗಳು ಪಂಚಾಂಗದ ಹಿಂದೆ ಮೊಳೆಗೆ ಚುಚ್ಚಿಕೊಂಡಿವೆ. 2022ರ ಮೇ 31ರಂದು ಎಂಜಿನಿಯರ್ ಸಾಹೇಬರು ಹಾರ, ಪೇಟ, ಗಂಧದ ತಟ್ಟೆಯೊಂದಿಗೆ ನಿವೃತ್ತರಾದರು. ಭಾಷಣದಲ್ಲಿ ಅವರನ್ನು 'ಅಭಿವೃದ್ಧಿಯ ಹರಿಕಾರ' ಎಂದರು. 38 ಮೀಟರ್ ಬಗ್ಗೆ ಯಾರೂ ಮಾತಾಡಲಿಲ್ಲ.

ಮೊನ್ನೆ ತಮ್ಮ ಕೇಸ್ ವರ್ಕರ್ ಕಡತ ತೆರೆದು, ಬಹಳ ಮರ್ಯಾದೆಯಿಂದಲೇ ಹೇಳಿದರು: "ಮೇಷ್ಟ್ರೇ, ಅವರು ರಿಟೈರ್ ಆಗಿಬಿಟ್ರಲ್ಲ. ಇನ್ನು 214 ಅಡ್ಡ ಬರುತ್ತೆ." ಅದು ಕೆ.ಸಿ.ಎಸ್.ಆರ್. 214ನೇ ನಿಯಮ. ನೌಕರಿಯಲ್ಲಿದ್ದಾಗ ವಿಚಾರಣೆ ಶುರುವಾಗಿದ್ದರೆ ನಿವೃತ್ತಿಯ ನಂತರವೂ ಅದು ಮುಂದುವರಿಯುತ್ತದೆ, ಪಿಂಚಣಿಯಿಂದ ನಷ್ಟ ವಸೂಲಿಗೂ ಅವಕಾಶವಿದೆ. ಶುರುವೇ ಆಗಿರದಿದ್ದರೆ, ನಾಲ್ಕು ವರ್ಷಕ್ಕಿಂತ ಹಿಂದೆ ನಡೆದದ್ದರ ಬಗ್ಗೆ ಹೊಸದಾಗಿ ವಿಚಾರಣೆ ಹೂಡುವಂತಿಲ್ಲ. ಬಿಲ್ ಆದದ್ದು 2018ರ ಅಕ್ಟೋಬರಿನಲ್ಲಿ. 2022ರ ಅಕ್ಟೋಬರಿಗೆ ನಾಲ್ಕು ತುಂಬಿತು. ನಾನು ಗಣಿತದ ಮೇಷ್ಟ್ರು ಸ್ವಾಮೀ, ಕೂಡಿಸಿ ಕಳೆದು ನೋಡಿದ್ದೇನೆ. ವರದಿ ತಲುಪಿದ ಮೇಲೆ ಹದಿನಾಲ್ಕು ತಿಂಗಳು ಆ ಮನುಷ್ಯ ನೌಕರಿಯಲ್ಲೇ ಇದ್ದ. ನಿವೃತ್ತಿಯಾದ ಮೇಲೂ ಸುಮಾರು ಐದು ತಿಂಗಳು ದಾರಿ ತೆರೆದಿತ್ತು.

ಇದಕ್ಕೆ ವಿಳಂಬ ಎನ್ನಬೇಡಿ. ವಿಳಂಬ ಎಂದರೆ ಬಸ್ಸು ತಡವಾಗಿ ಬರುವುದು. ಬಸ್ಸು ಬಂದಿದ್ದರೂ ಬಾಗಿಲು ತೆಗೆಯದೆ, ಕೊನೆಗೆ ಹತ್ತುವವನೇ ಮುದುಕನಾದ ಎಂದು ಷರಾ ಬರೆಯುವುದಕ್ಕೆ ಬೇರೆ ಹೆಸರಿದೆ. ನನ್ನ ಹೆಂಡತಿ ಅದನ್ನು ಹೇಳಿದಳು, ಇಲ್ಲಿ ಬರೆಯಲು ಬಿಡಲಿಲ್ಲ.

ತಮ್ಮ ಕೈಯನ್ನು ಸೋಡಾ ನೀರಿಗೆ ಅದ್ದಿದರೂ ಬಣ್ಣ ಬರುವುದಿಲ್ಲ, ಅದು ನನಗೆ ಗೊತ್ತು. ತಾವು ಏನನ್ನೂ ಮುಟ್ಟಿಲ್ಲ. ಕಡತವನ್ನೂ ಮುಟ್ಟಿಲ್ಲ.

ಎಂಜಿನಿಯರರ ವಿಷಯ ಕೈಬಿಟ್ಟೆ. ಎರಡು ದಿನಾಂಕ ಮಾತ್ರ ತಿಳಿಸಿ: ವರದಿ ತಮ್ಮ ಮೇಜಿಗೆ ಬಂದದ್ದು ಯಾವತ್ತು, ತಾವು ಅದನ್ನು ಬಿಚ್ಚಿದ್ದು ಯಾವತ್ತು? ಸ್ವವಿಳಾಸ ಬರೆದು ಸ್ಟಾಂಪ್ ಅಂಟಿಸಿದ ಲಕೋಟೆ ಲಗತ್ತಿಸಿದ್ದೇನೆ.

ಇಂತಿ,
22ನೇ ಮೀಟರಿನ ಆಚೆಗಿನ ಮನೆಯವನು